ವಿಷಯ: ನಿಮ್ಮ ಮನೆಗಳಿಗೆ ರೆಂಡರ್ ಮಾಡಿಕೊಡುವ ಬಗ್ಗೆ (ಪೋರ್ಟ್‌ಫೋಲಿಯೊ ಜೊತೆಗಿದೆ)

ನಮಸ್ಕಾರ ಮೇಡಂ, ನಮಸ್ಕಾರ ಸರ್,

ನಾನು ಸುಹಾಸ್. ಶಿವಮೊಗ್ಗದಲ್ಲಿದ್ದುಕೊಂಡು ಆರ್ಕಿಟೆಕ್ಟುಗಳಿಗೆ ತ್ರೀಡಿ ರೆಂಡರ್ ಮಾಡಿಕೊಡುತ್ತೇನೆ. ಓದಿದ್ದು ಆರ್ಕಿಟೆಕ್ಚರ್. ಆಮೇಲೆ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಅಪಾರ್ಟ್‌ಮೆಂಟ್ ಬ್ರೋಷರ್‌ಗಳಿಗೆ ಚಿತ್ರ ಮಾಡುತ್ತಿದ್ದೆ, ಈಗ ಕೆಲವು ವರ್ಷಗಳಿಂದ ಸ್ವಂತ ಕೆಲಸ. ನಿಮ್ಮ ಮೈಸೂರಿನ ಆಫೀಸಿನ ಮನೆಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ನೋಡುತ್ತಾ ಬಂದಿದ್ದೇನೆ. ನೀವು ಪೋಸ್ಟುಗಳನ್ನು ಕನ್ನಡದಲ್ಲೇ ಬರೆಯುತ್ತೀರಿ, ಹಾಗಾಗಿ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ವಿಜಯನಗರದ ನಿಮ್ಮ ಮಣ್ಣಿನ ಬ್ಲಾಕ್ ಮನೆ ಫೋಟೊದಲ್ಲಿ ತುಂಬಾ ಚೆನ್ನಾಗಿದೆ. ಆದರೆ ಅದನ್ನು ಕಟ್ಟುವ ಮೊದಲು ಹಾಕಿದ್ದ ರೆಂಡರ್ ಆ ಮನೆಗೆ ನ್ಯಾಯ ಮಾಡಿರಲಿಲ್ಲ ಅನ್ನಿಸಿತು. ಗೋಡೆಯ ಬಣ್ಣ ಎಲ್ಲ ಕಡೆ ಒಂದೇ, ಎರಡೆರಡು ಮೀಟರಿಗೆ ಅದೇ ಕಲೆ ಮತ್ತೆ ಮತ್ತೆ, ಗಾರೆ ಸಂದು ಕಾಣುತ್ತಲೇ ಇಲ್ಲ. ನಿಜವಾದ ಬ್ಲಾಕ್ ಗೋಡೆಯಲ್ಲಿ ಬ್ಲಾಕಿನಿಂದ ಬ್ಲಾಕಿಗೆ ಬಣ್ಣ ಸ್ವಲ್ಪ ಬೇರೆಯಾಗಿರುತ್ತದೆ, ಮೂಲೆ ಅಲ್ಲಲ್ಲಿ ಮುಕ್ಕಾಗಿರುತ್ತದೆ, ಗೋಡೆಯ ಚಂದ ಇರುವುದೇ ಅದರಲ್ಲಿ ಅಲ್ವಾ. ಮನೆ ಕಟ್ಟಿಸುವವರು ದುಡ್ಡು ಹಾಕುವ ಮೊದಲು ನೋಡುವುದು ಆ ರೆಂಡರ್ ಒಂದನ್ನೇ. ಅದು ಪ್ಲಾಸ್ಟಿಕ್ ಥರ ಕಂಡರೆ "ಸುಮ್ನೆ ಪ್ಲಾಸ್ಟರ್ ಮಾಡಿ ಪೇಂಟ್ ಹೊಡೆಸಿಬಿಡೋಣ" ಅನ್ನುತ್ತಾರೆ, ನಿಮ್ಮ ಡಿಸೈನ್ ಅಲ್ಲೇ ಅರ್ಧ ಹೋಗುತ್ತದೆ.

ನಾನು ಇಲ್ಲಿನ ಸಾಮಾನುಗಳ ಫೋಟೊಗಳನ್ನು ನಾನೇ ತೆಗೆದು ಒಂದು ಲೈಬ್ರರಿ ಮಾಡಿಕೊಂಡಿದ್ದೇನೆ. ಮಣ್ಣಿನ ಬ್ಲಾಕು, ವೈರ್‌ಕಟ್ ಇಟ್ಟಿಗೆ, ಸಾದರಹಳ್ಳಿ ಕಲ್ಲು, ಕಡಪ, ಕೋಟಾ, ಮಂಗಳೂರು ಹೆಂಚು, ಕರಾವಳಿಯ ಕೆಂಪುಕಲ್ಲು, ರೆಡ್ ಆಕ್ಸೈಡ್ ನೆಲ, ಹಲಗೆಯ ಗುರುತು ಉಳಿದ ಕಾಂಕ್ರೀಟು, ಇವೆಲ್ಲ ಅದರಲ್ಲಿವೆ. ಮರಗಳೂ ಅಷ್ಟೇ. ರೆಡಿಮೇಡ್ ಲೈಬ್ರರಿಗಳಲ್ಲಿ ಮೇಪಲ್, ಬರ್ಚ್ ಬೇಕಾದಷ್ಟು ಸಿಗುತ್ತವೆ. ಮೈಸೂರಿನ ರಸ್ತೆಗೆ ಹೊಂಗೆ, ಸಂಪಿಗೆ, ಗುಲ್‌ಮೊಹರ್ ಬೇಕು.

ಬಿಸಿಲಿನ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಚೆನ್ನಾಗಿ ಕಾಣುತ್ತದೆ ಅಂತ ಸೂರ್ಯನನ್ನು ಬೇಕಾದ ಕಡೆ ತಿರುಗಿಸುವವರೇ ಜಾಸ್ತಿ. ನಾನು ಸೈಟಿನ ಅಕ್ಷಾಂಶ, ಉತ್ತರ ದಿಕ್ಕು, ತಿಂಗಳು, ಗಂಟೆ ಹಾಕಿಯೇ ಶುರು ಮಾಡುತ್ತೇನೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಅಂದರೆ ಉತ್ತರದ ಗೋಡೆಗೆ ಜೂನ್‌ನಲ್ಲಿ ಬಿಸಿಲು ಬೀಳುತ್ತದೆ, ಡಿಸೆಂಬರ್‌ನಲ್ಲಿ ದಿನವಿಡೀ ನೆರಳು. ಇದು ನಿಮಗೆ ಗೊತ್ತಿರುವುದೇ. ಆದರೆ ನೀವು ಲೆಕ್ಕ ಹಾಕಿ ಇಟ್ಟ ಜಾಲಿಯ ನೆರಳು ಜೂನ್ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಿ ಬೀಳುತ್ತದೆ ಅನ್ನುವುದು ಚಿತ್ರದಲ್ಲೂ ಹಾಗೆಯೇ ಬರಬೇಕು, ಇಲ್ಲದಿದ್ದರೆ ಆ ಜಾಲಿ ಯಾಕಿದೆ ಅಂತ ಕ್ಲೈಂಟಿಗೆ ಹೇಗೆ ಗೊತ್ತಾಗುತ್ತದೆ? ಪೋರ್ಟ್‌ಫೋಲಿಯೊದ ಮೂರನೇ ಪುಟದಲ್ಲಿ ಒಂದೇ ವರಾಂಡವನ್ನು ಜೂನ್ ಮತ್ತು ಡಿಸೆಂಬರ್‌ನಲ್ಲಿ ತೋರಿಸಿದ್ದೇನೆ, ಅದನ್ನು ಮೊದಲು ನೋಡಿ.

ಆಮೇಲೆ ಐದನೇ ಪುಟ. 30×40 ಸೈಟಿನ ಮನೆ, ಎದುರಿಗೆ ಚಿಕ್ಕ ರಸ್ತೆ. ಇಂಥ ಮನೆಯನ್ನು ರೆಂಡರ್ ಮಾಡುವಾಗ ಕ್ಯಾಮೆರಾವನ್ನು ಹಿಂದೆ ಹಿಂದೆ ತಳ್ಳಿ, ಕೊನೆಗೆ ಎದುರು ಮನೆಯವರ ಹಾಲ್‌ನಲ್ಲಿ ನಿಲ್ಲಿಸಿ, ಆ ಮನೆಯನ್ನೇ ಅಳಿಸಿಬಿಡುತ್ತಾರೆ. ಚಿತ್ರದಲ್ಲಿ ವಿಶಾಲವಾದ ಅಂಗಳ ಬರುತ್ತದೆ. ಮನೆ ಎದ್ದ ಮೇಲೆ ಕ್ಲೈಂಟ್ ಗೇಟಿನ ಹತ್ತಿರ ನಿಂತು "ಚಿತ್ರದಲ್ಲಿ ದೊಡ್ಡದಾಗಿತ್ತಲ್ಲ" ಅನ್ನುತ್ತಾರೆ. ನಾನು ಒಂದು ಚಿತ್ರವನ್ನು ರಸ್ತೆಯಲ್ಲಿ ನಿಂತವರ ಕಣ್ಣಿನ ಎತ್ತರದಿಂದಲೇ ಮಾಡುತ್ತೇನೆ, 24 ಎಂಎಂ ಲೆನ್ಸು, ಗೋಡೆಗಳ ನೇರ ಗೆರೆ ವಾಲದ ಹಾಗೆ. ಪೂರ್ತಿ ಎಲಿವೇಶನ್ ಬೇಕೇ ಬೇಕು ಅಂದರೆ ಎದುರು ಮನೆಯ ಟೆರೇಸಿನಿಂದ ಇನ್ನೊಂದು. ಲೈಟ್ ಕಂಬ, ಪಕ್ಕದ ಮನೆಯ ಗೋಡೆ, ಟೆರೇಸಿನ ಸೋಲಾರ್ ಹೀಟರ್, ನೀರಿನ ಟ್ಯಾಂಕ್ ಇವನ್ನೂ ಬಿಡುವುದಿಲ್ಲ. ಟ್ಯಾಂಕ್ ಚಿತ್ರದಲ್ಲಿ ಕಂಡರೆ ಅದನ್ನು ಎಲ್ಲಿಡಬೇಕು ಅನ್ನುವ ಮಾತು ಡ್ರಾಯಿಂಗ್ ಹಂತದಲ್ಲೇ ಆಗಿಹೋಗುತ್ತದೆ.

ಎಂಟು ಮತ್ತು ಒಂಬತ್ತನೇ ಪುಟಗಳಲ್ಲಿ ಉಡುಪಿ ಕಡೆಯ ಒಂದು ಕೆಂಪುಕಲ್ಲಿನ ಮನೆ ಇದೆ. ಎಡಕ್ಕೆ ರೆಂಡರ್, ಬಲಕ್ಕೆ ಕಟ್ಟಿದ ಮೇಲೆ ಅದೇ ಜಾಗದಿಂದ ತೆಗೆದ ಫೋಟೊ. ಕಿಟಕಿಯ ಗ್ರಿಲ್ಲನ್ನು ಮನೆಯವರು ಆಮೇಲೆ ಬದಲಾಯಿಸಿದ್ದಾರೆ, ಉಳಿದದ್ದನ್ನು ನೀವೇ ಹೋಲಿಸಿ ನೋಡಿ. ಎಲ್ಲ ಚಿತ್ರಗಳನ್ನೂ ಆಯಾ ಆರ್ಕಿಟೆಕ್ಟುಗಳ ಒಪ್ಪಿಗೆ ತೆಗೆದುಕೊಂಡೇ ಹಾಕಿದ್ದೇನೆ. ಮಾಡೆಲ್ ಯಾರದ್ದು, ನಾನು ಮಾಡಿದ್ದು ಎಷ್ಟು ಅಂತ ಆಯಾ ಚಿತ್ರದ ಕೆಳಗೆ ಬರೆದಿದ್ದೇನೆ. ಕೊನೆಯ ಎರಡು ಪುಟದ ತೊಟ್ಟಿ ಮನೆ ಮಾತ್ರ ಯಾರ ಪ್ರಾಜೆಕ್ಟೂ ಅಲ್ಲ, ಮಳೆಯಲ್ಲಿ ಹೆಂಚಿನಿಂದ ಇಳಿಯುವ ನೀರು ಮತ್ತು ಒದ್ದೆ ನೆಲದ ಹೊಳಪಿಗೋಸ್ಕರ ನಾನೇ ಮಾಡಿಕೊಂಡದ್ದು.

ಕೆಲಸ ನಡೆಯುವುದು ಹೀಗೆ. ನೀವು ಸ್ಕೆಚ್‌ಅಪ್ ಅಥವಾ ರೆವಿಟ್ ಫೈಲು (.skp, .rvt ಯಾವುದಾದರೂ ಆಗುತ್ತದೆ), ಉತ್ತರ ಗುರುತಿರುವ ಸೈಟ್ ಪ್ಲಾನ್, ರಸ್ತೆಯಿಂದ ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೊ ಕಳಿಸಿದರೆ ಸಾಕು. ಮೂರು ದಿನದಲ್ಲಿ ಬಣ್ಣವಿಲ್ಲದ ಬಿಳಿ ಮಾಡೆಲ್‌ನಲ್ಲಿ ಕೆಲವು ಕ್ಯಾಮೆರಾ ಕೋನಗಳನ್ನು ಕಳಿಸುತ್ತೇನೆ. ಕೋನ ನೀವು ಒಪ್ಪಿದ ಮೇಲೆಯೇ ಮೆಟೀರಿಯಲ್, ಬೆಳಕು, ಗಿಡಮರ. ಅಲ್ಲಿಂದ ಫೈನಲ್‌ಗೆ ಒಂದು ವಾರ. ತ್ರೀಡಿಎಸ್ ಮ್ಯಾಕ್ಸ್ ಮತ್ತು ಕರೋನಾ ಬಳಸುತ್ತೇನೆ. ಚಿತ್ರ 5,000 ಪಿಕ್ಸೆಲ್ ಅಗಲದಲ್ಲಿ ಬರುತ್ತದೆ, ಎ2 ಶೀಟಿನಲ್ಲಿ 200 ಡಿಪಿಐಗೆ ಆರಾಮಾಗಿ ಪ್ರಿಂಟ್ ಆಗುತ್ತದೆ.

ರೇಟು: ಹೊರಗಿನ ಚಿತ್ರ ಒಂದಕ್ಕೆ 9,000 ರೂಪಾಯಿ, ಒಳಗಿನದಕ್ಕೆ 7,000. ಒಂದೇ ಮನೆಯಲ್ಲಿ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಕಡಿಮೆ ಮಾಡುತ್ತೇನೆ. ಎರಡು ಸುತ್ತಿನ ತಿದ್ದುಪಡಿ ಇದರಲ್ಲೇ ಸೇರಿದೆ. ಡಿಸೈನೇ ಬದಲಾದರೆ ಅದು ಬೇರೆ ಲೆಕ್ಕ, ಶುರು ಮಾಡುವ ಮೊದಲೇ ಎಷ್ಟು ಅಂತ ಹೇಳುತ್ತೇನೆ. ಅರ್ಧ ಮೊದಲು, ಅರ್ಧ ಫೈನಲ್ ಕೊಡುವಾಗ. ವಾಕ್‌ಥ್ರೂ ವಿಡಿಯೊ ಮಾಡುವುದಿಲ್ಲ. ಸಂಜೆಯ ನೀಲಿ ಆಕಾಶದಲ್ಲಿ ಮನೆಯ ಎಲ್ಲ ಲೈಟೂ ಉರಿಯುತ್ತಿರುವ ಚಿತ್ರವನ್ನು ಕೇಳಿದರೆ ಮಾಡಿಕೊಡುತ್ತೇನೆ, ಆದರೆ ಅದೊಂದೇ ಸಾಕು ಅಂದರೆ ಹಗಲಿನದನ್ನೂ ಮಾಡಿಸಿ ಅಂತ ಒಂದು ಸಲ ಒತ್ತಾಯ ಮಾಡುತ್ತೇನೆ.

ಫ್ರೀ ಸ್ಯಾಂಪಲ್ ಕೊಡುವುದಿಲ್ಲ, ಅದನ್ನು ಈಗಲೇ ಹೇಳಿಬಿಡುವುದು ವಾಸಿ. ಬದಲಿಗೆ ಹೀಗೆ ಮಾಡಬಹುದು: ಈಗ ನಿಮ್ಮ ಕೈಯಲ್ಲಿರುವ ಯಾವುದಾದರೂ ಒಂದು ಮನೆಯ ಒಂದೇ ಚಿತ್ರವನ್ನು ಅರ್ಧ ರೇಟಿಗೆ ಮಾಡಿಕೊಡುತ್ತೇನೆ. ಹಿಡಿಸದಿದ್ದರೆ ಬಿಳಿ ಮಾಡೆಲ್ ಹಂತದಲ್ಲೇ ನಿಲ್ಲಿಸಿ, ಏನೂ ಕೊಡಬೇಕಿಲ್ಲ.

ಈ ತಿಂಗಳು ಒಂದು ಕೆಲಸ ಮುಗಿಸಬೇಕಿದೆ, ಮುಂದಿನ ತಿಂಗಳು 10ರಿಂದ ಹೊಸದು ತೆಗೆದುಕೊಳ್ಳಬಹುದು. ಸೈಟ್ ನೋಡಬೇಕು ಅಂದರೆ ಮೈಸೂರಿಗೆ ಬರುತ್ತೇನೆ. ಪೋರ್ಟ್‌ಫೋಲಿಯೊ 14 ಪುಟದ ಪಿಡಿಎಫ್, ದಯವಿಟ್ಟು ಫೋನಿನ ಬದಲು ಕಂಪ್ಯೂಟರಿನಲ್ಲಿ ನೋಡಿ, ಗಾರೆ ಸಂದುಗಳು ಫೋನಿನಲ್ಲಿ ಕಾಣುವುದಿಲ್ಲ. ಏನಾದರೂ ಕೇಳುವುದಿದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ, ಅದೇ ದಿನ ನೋಡುತ್ತೇನೆ.

ಇಂತಿ,
ಸುಹಾಸ್
ಆರ್ಕಿಟೆಕ್ಚರಲ್ ವಿಶುವಲೈಸರ್, ಶಿವಮೊಗ್ಗ