ಯುವ ವಿಜ್ಞಾನಿ ಪುರಸ್ಕಾರ: ಬಿನ್ನವತ್ತಳೆ

ತೊಗರಿಯ ಕಣಜ ಕಲಬುರಗಿಯ ಮಗಳೆ,

ಹೂ ಬಿಡುವ ಹೊತ್ತಿಗೆ, ನೆಲದಲ್ಲಿ ತೇವವಿದ್ದರೂ ತೊಗರಿ ಗಿಡ ನಿಂತಲ್ಲೇ ಬಾಡುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ. ಇದೇ ಸೊರಗು ರೋಗ. ಬಾಡಿದ ಮೇಲೆ ಔಷಧಿ ಸಿಂಪಡಿಸಿ ಫಲವಿಲ್ಲ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ.

ಅದನ್ನು ಬಿತ್ತನೆಗೆ ಮೊದಲೇ ಪತ್ತೆಹಚ್ಚುವ ದಾರಿಯನ್ನು ನೀವು ತೋರಿಸಿದಿರಿ. ಹಿಡಿ ಮಣ್ಣಿನಲ್ಲಿ ಶಿಲೀಂಧ್ರದ ಡಿಎನ್‌ಎ ಎಷ್ಟಿದೆಯೆಂದು ಅಳೆದರೆ ಸಾಕು: ರೋಗನಿರೋಧಕ ತಳಿ ಬಿತ್ತಬೇಕೇ, ಈ ಸಲ ಜೋಳಕ್ಕೆ ಹೊಲ ಬಿಡಬೇಕೇ ಎಂಬುದನ್ನು ರೈತರು ಮುಂಗಾರಿಗೆ ಮುನ್ನವೇ ನಿರ್ಧರಿಸಬಹುದು. ಆಳಂದ, ಜೇವರ್ಗಿಯ ಎರೆ ಹೊಲಗಳ ಮಣ್ಣನ್ನು ನೀವೇ ಅಗೆದು ತಂದಿರಿ. ಪ್ರಯೋಗಾಲಯದವರಲ್ಲಿ ಇದು ಅಪರೂಪ.

ಈ ಸಾಧನೆಗಾಗಿ ನಿಮಗೆ ಯುವ ವಿಜ್ಞಾನಿ ಪುರಸ್ಕಾರವನ್ನು ಅಭಿಮಾನದಿಂದ ಪ್ರದಾನ ಮಾಡುತ್ತಿದ್ದೇವೆ.