ರಟ್ಟಿನ ಪೆಟ್ಟಿಗೆ ಪೂರೈಕೆ ಒಪ್ಪಂದದ ನವೀಕರಣ: ಮಾತುಕತೆಗೆ ಆಹ್ವಾನ

ಇವರಿಗೆ: ಮಾರಾಟ ವಿಭಾಗದ ಮುಖ್ಯಸ್ಥರು
ಇವರಿಂದ: ಖರೀದಿ ವಿಭಾಗ

ನಮಸ್ಕಾರ ಸರ್,

ನಮ್ಮ ನಿಮ್ಮ ಪೂರೈಕೆ ಒಪ್ಪಂದ ಮುಂದಿನ ತಿಂಗಳ ಕೊನೆಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮನಸ್ಸು ನಮಗಿದೆ. ಈ ಮೂರು ವರ್ಷದಲ್ಲಿ ಪೆಟ್ಟಿಗೆ ಇಲ್ಲ ಅಂತ ನಮ್ಮ ಪ್ಯಾಕಿಂಗ್ ಲೈನ್ ನಿಂತಿದ್ದು ಒಂದೇ ಒಂದು ಸಲ. ಅದನ್ನು ನಾವು ಮರೆತಿಲ್ಲ. ಆದರೆ ಹಳೆಯ ಕಾಗದಕ್ಕೇ ಹೊಸ ತಾರೀಖು ಹಾಕಿ ಸಹಿ ಮಾಡುವುದು ಇಬ್ಬರಿಗೂ ಒಳ್ಳೆಯದಲ್ಲ. ಕೂತು ಮಾತಾಡೋಣ.

ಇದೇ 18, ಗುರುವಾರ, ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1.30ರವರೆಗೆ, ನಮ್ಮ ಕಾರ್ಖಾನೆಯ ಮೊದಲ ಮಹಡಿಯ ಸಭಾ ಕೊಠಡಿಯಲ್ಲಿ ಸೇರೋಣ. ಅರ್ಧ ಗಂಟೆ ಮುಂಚೆ ಬಂದರೆ ಇನ್ನೂ ಒಳ್ಳೆಯದು. ಮೊದಲು ಗೋದಾಮು ನೋಡಿಕೊಂಡು ಬರಬಹುದು.

ಗೋದಾಮಿನ ಮಾತು ಎತ್ತಲು ಕಾರಣವಿದೆ. ಹೋದ ಮಳೆಗಾಲದಲ್ಲಿ ಐದು ಪದರದ ದೊಡ್ಡ ಪೆಟ್ಟಿಗೆಗಳ ಎರಡು ಲೋಡ್ ವಾಪಸ್ ಕಳಿಸಿದ್ದೆವು. ಇಳಿಸಿಕೊಂಡಾಗ ಎಲ್ಲ ಚೆನ್ನಾಗೇ ಕಂಡಿತ್ತು. ಮಾಲು ತುಂಬಿ ಆರು ಸಾಲು ಪೇರಿಸಿದೆವು. ಮಾರನೇ ದಿನ ನೋಡಿದರೆ ಕೆಳಗಿನ ಸಾಲಿನ ಮೂಲೆಗಳು ಕುಸಿದಿದ್ದವು. ಒಂದನ್ನು ಎತ್ತಿಕೊಂಡು ನೋಡಿದೆ. ಅಂಟು ಹಾಕಿದ ಅಂಚು ಬೆರಳಲ್ಲಿ ಎಳೆದರೇ ಬಿಟ್ಟುಕೊಂಡಿತು. ತೇವ ಅಳೆಯುವ ಮೀಟರ್ ಶೇ. 14 ತೋರಿಸುತ್ತಿತ್ತು. ಈಗಿನ ಒಪ್ಪಂದದಲ್ಲಿ ಬರ್ಸ್ಟಿಂಗ್ ಸ್ಟ್ರೆಂತ್ ಒಂದೇ ಇದೆ. ತೇವಕ್ಕೆ ಮಿತಿಯೇ ಇಲ್ಲ. ಪೇರಿಸಿದಾಗ ಭಾರ ಹೊರುವುದು ಪೆಟ್ಟಿಗೆಯ ನಿಂತ ಗೋಡೆ, ಅಲ್ವಾ? ಅದರ ಬಲ ಗೊತ್ತಾಗಬೇಕಾದರೆ ಅಂಚಿನ ಒತ್ತಡದ ಪರೀಕ್ಷೆ ಬೇಕು. ಇವೆರಡನ್ನೂ ಹೊಸ ಒಪ್ಪಂದದಲ್ಲಿ ಸೇರಿಸಬೇಕು ಅನ್ನುವುದು ನಮ್ಮ ಮೊದಲ ಬೇಡಿಕೆ. ನಮ್ಮ ಗೋದಾಮಿನ ಬಾಗಿಲ ಬಳಿಯೂ ತೇವ ಜಾಸ್ತಿ ಇರುತ್ತದೆ, ಒಪ್ಪುತ್ತೇವೆ. ಅದಕ್ಕೇ ಲಾರಿಯಿಂದ ಇಳಿಸುವಾಗಲೇ, ನಿಮ್ಮ ಚಾಲಕರ ಎದುರಿಗೇ ಅಳೆಯೋಣ ಅಂತ ಸೂಚಿಸುತ್ತಿದ್ದೇವೆ. ಆಮೇಲೆ ಕೆಟ್ಟರೆ ಅದು ನಮ್ಮ ಹೊಣೆ.

ಎರಡನೆಯದು ದರ. ನೀವು ಶೇ. 8 ಏರಿಕೆ ಕೇಳಿದ್ದೀರಿ. ಕ್ರಾಫ್ಟ್ ಕಾಗದದ ಬೆಲೆ ಏರಿದರೆ ನಿಮಗೆ ಕಷ್ಟ ಅನ್ನುವುದು ನಮಗೂ ಗೊತ್ತು. ಆದರೆ ಪ್ರತಿ ಸಲ ಹೀಗೆ ಪತ್ರ ಬರೆದು ಜಗ್ಗಾಡುವುದಕ್ಕಿಂತ ಒಂದು ಸೂತ್ರ ಇಟ್ಟುಕೊಳ್ಳೋಣ. ಪೆಟ್ಟಿಗೆಯ ದರದಲ್ಲಿ ಕಾಗದದ ಪಾಲು ಎಷ್ಟು ಅಂತ ಮೊದಲು ಗೊತ್ತು ಮಾಡಿಕೊಳ್ಳುವುದು. ಮೂರು ತಿಂಗಳಿಗೊಮ್ಮೆ ಆ ಪಾಲನ್ನು ಮಾತ್ರ ಪರಿಶೀಲಿಸುವುದು. ಕಾಗದದ ಬೆಲೆ ಶೇ. 3ರೊಳಗೆ ಅಲುಗಾಡಿದರೆ ದರ ಹಾಗೇ ಇರಲಿ. ಅದಕ್ಕಿಂತ ಏರಿದರೆ ಏರಿಸೋಣ, ಇಳಿದರೆ ಇಳಿಸೋಣ. ಇದಕ್ಕಾಗಿ ಕಾಗದ, ತಯಾರಿಕೆ, ಸಾಗಣೆ ಇವುಗಳ ಖರ್ಚನ್ನು ಬೇರೆ ಬೇರೆಯಾಗಿ ತನ್ನಿ. ನಿಮ್ಮ ಲಾಭದ ಲೆಕ್ಕ ನಮಗೆ ಬೇಡ.

ಪೂರೈಕೆಯ ಸಮಯದ ವಿಷಯದಲ್ಲಿ ನಮ್ಮ ತಪ್ಪೂ ಇದೆ. ಕೊನೇ ಗಳಿಗೆಯಲ್ಲಿ ಆರ್ಡರ್ ಕೊಟ್ಟು ಏಳು ದಿನದಲ್ಲಿ ಬೇಕು ಅಂದಿದ್ದೇವೆ. ಇನ್ನು ಮುಂದೆ 12 ವಾರದ ಅಂದಾಜು ಕೊಡುತ್ತೇವೆ. ಅದರಲ್ಲಿ ಮೊದಲ ನಾಲ್ಕು ವಾರದ್ದು ಖಚಿತ ಆರ್ಡರ್. ಬದಲಿಗೆ ಹೆಚ್ಚು ಓಡುವ ಎರಡು ಅಳತೆಗಳಲ್ಲಿ ಹತ್ತು ದಿನದ ದಾಸ್ತಾನು ನಿಮ್ಮಲ್ಲಿ ಇರಬೇಕು. ನಡುವೆ ನಾವು ಮುದ್ರಣದ ವಿನ್ಯಾಸ ಬದಲಿಸಿದರೆ ಆ ದಾಸ್ತಾನಿನ ನಷ್ಟ ಯಾರದು? ತಡವಾದರೆ ದಂಡ ಎಷ್ಟು? ಇವೆರಡೂ ಅವತ್ತೇ ತೀರ್ಮಾನವಾಗಲಿ.

ಪಾವತಿಗೆ ಈಗ 60 ದಿನ ಇದೆ, ನೀವು 30 ಕೇಳಿದ್ದೀರಿ. ನಮ್ಮ ಹಣಕಾಸಿನವರು 45ಕ್ಕೆ ತಯಾರಿದ್ದಾರೆ. ಡೈಗಳಿಗೆ ನಾವು ಹಣ ಕೊಟ್ಟಿದ್ದರೂ ಅವು ಯಾರ ಸ್ವತ್ತು ಅಂತ ಎಲ್ಲೂ ಬರೆದಿಲ್ಲ, ಅದನ್ನೂ ಬರೆಯೋಣ. ಅವಧಿ ಎರಡು ವರ್ಷ, ಬಿಡುವುದಾದರೆ 90 ದಿನ ಮುಂಚೆ ನೋಟಿಸ್ ಅನ್ನುವುದು ನಮ್ಮ ಯೋಚನೆ.

ನಮ್ಮ ಕಡೆಯಿಂದ ನಾನು, ಗುಣಮಟ್ಟ ವಿಭಾಗದ ಹಿರಿಯ ಎಂಜಿನಿಯರ್, ಗೋದಾಮಿನ ಮೇಲ್ವಿಚಾರಕರು ಮತ್ತು ಹಣಕಾಸು ವಿಭಾಗದ ಉಪ ವ್ಯವಸ್ಥಾಪಕರು ಇರುತ್ತೇವೆ. ಕಾನೂನು ಸಲಹೆಗಾರರು ಕೊನೆಯ ಒಂದು ಗಂಟೆಗೆ ಬರುತ್ತಾರೆ. ನಿಮ್ಮ ಕಡೆಯಿಂದ ನಿಮ್ಮ ಜೊತೆ ಉತ್ಪಾದನಾ ಮುಖ್ಯಸ್ಥರು, ಗುಣಮಟ್ಟ ನೋಡಿಕೊಳ್ಳುವವರು ಮತ್ತು ಲೆಕ್ಕಪತ್ರ ವಿಭಾಗದ ಒಬ್ಬರು ಬರಲಿ. ಅಂಟಿನ ಮಾತು ಬಂದಾಗ ಯಂತ್ರದ ಹತ್ತಿರ ನಿಂತು ಕೆಲಸ ಮಾಡಿದವರೇ ಉತ್ತರಿಸಬೇಕು. ದರದ ಬಗ್ಗೆ ಅಲ್ಲೇ ಒಪ್ಪಿಗೆ ಕೊಡುವ ಅಧಿಕಾರ ಇರುವವರೂ ದಯವಿಟ್ಟು ಬರಬೇಕು. 'ಕೇಳಿ ಹೇಳುತ್ತೇವೆ' ಅಂತಾದರೆ ಇನ್ನೊಂದು ತಿಂಗಳು ಹೋಗುತ್ತದೆ.

ಬರುವವರ ಹೆಸರು, ಖರ್ಚಿನ ವಿವರ, ನೀವು ಚರ್ಚೆಗೆ ಸೇರಿಸಬೇಕೆಂದಿರುವ ವಿಷಯಗಳು 15ನೇ ತಾರೀಖು ಸೋಮವಾರ ಸಂಜೆಯೊಳಗೆ ತಲುಪಲಿ. ವಾಪಸಾದ ಲೋಡ್‌ಗಳ ಫೋಟೋ ಮತ್ತು ಪರೀಕ್ಷಾ ವರದಿ ಈ ಪತ್ರದ ಜೊತೆಗಿವೆ. ಸಭೆಗೆ 18 ಅನುಕೂಲವಾಗದಿದ್ದರೆ 19ರ ಶುಕ್ರವಾರ ಇದೇ ಹೊತ್ತಿಗೆ ಸೇರಬಹುದು. ಮಾತುಕತೆ ಮುಗಿಯುವವರೆಗೆ ಈಗಾಗಲೇ ಕೊಟ್ಟಿರುವ ಆರ್ಡರ್‌ಗಳಿಗೆ ಹಳೆಯ ದರ, ಹಳೆಯ ಷರತ್ತುಗಳೇ ಇರುತ್ತವೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ವ್ಯವಸ್ಥಾಪಕಿ, ಖರೀದಿ ವಿಭಾಗ