ನನ್ನ ಮಗಳು ಈಗ ಅಂಗಡಿಯಲ್ಲಿ ಚಿಲ್ಲರೆ ಕೊಡ್ತಾಳೆ

ರಾಯಚೂರಿನ ತೀನ್ ಕಂದಿಲ್ ಹತ್ತಿರ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಮಗಳು ಐದನೇ ಕ್ಲಾಸು, ಕನ್ನಡ ಮೀಡಿಯಂ. ಟ್ಯೂಷನ್ ಮೇಡಂ ಒಬ್ಬರು ಜುಲೈಯಿಂದ ವಾರಕ್ಕೆ ಐದು ದಿನ, ಸಂಜೆ ಒಂದು ತಾಸು ಮನೆಗೆ ಬಂದು ಪಾಠ ಹೇಳಿಕೊಡುತ್ತಿದ್ದಾರೆ.

ಮೊದಲು ಕಳೆಯುವ ಲೆಕ್ಕ ಅಂದರೆ ಅವಳಿಗೆ ಅಳು ಬರುತ್ತಿತ್ತು. 42ರಲ್ಲಿ 18 ಕಳೆ ಅಂದರೆ 36 ಅಂತ ಬರೆಯುತ್ತಿದ್ದಳು. ನಾವು ಲಕ್ಷ್ಯ ಕೊಟ್ಟು ಮಾಡಲ್ಲ ಅಂತ ಬೈಯುತ್ತಿದ್ದೆವು. ಮೇಡಂ ಬೈಯಲಿಲ್ಲ, ‘ಹೇಗೆ ಮಾಡಿದೆ, ಹೇಳು’ ಅಂತ ಕೇಳಿದರು. ‘ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲಿ ಎರಡು ತೆಗೆದೆ’ ಅಂದಳು. ತಪ್ಪು ಎಲ್ಲಿದೆ ಅಂತ ನನಗೂ ಗೊತ್ತಾಗಿದ್ದು ಅವತ್ತೇ.

ಮರುದಿನ ಮೇಡಂ ಅಂಗಡಿಯಿಂದಲೇ ಬೆಂಕಿಪೊಟ್ಟಣ ತರಿಸಿದರು. ಹತ್ತತ್ತು ಕಡ್ಡಿಗೆ ರಬ್ಬರ್ ಹಾಕಿ ನಾಲ್ಕು ಕಟ್ಟು ಮಾಡಿಸಿದರು, ಎರಡು ಕಡ್ಡಿ ಬಿಡಿಯಾಗಿ ಇಟ್ಟರು. ‘ಇದರಲ್ಲಿ ನನಗೆ ಹದಿನೆಂಟು ಕೊಡು’ ಅಂದರು. ಮಗಳು ಒಂದು ಕಟ್ಟು ಕೊಟ್ಟಳು. ಇನ್ನೂ ಎಂಟು ಬೇಕು, ಬಿಡಿ ಇರೋದು ಎರಡೇ. ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಆಮೇಲೆ ತಾನೇ ಇನ್ನೊಂದು ಕಟ್ಟಿನ ರಬ್ಬರ್ ಬಿಚ್ಚಿದಳು. ಯಾರೂ ಹೇಳಿಕೊಡಲಿಲ್ಲ. ಉಳಿದದ್ದನ್ನು ಎಣಿಸಿ ‘ಇಪ್ಪತ್ನಾಲ್ಕು!’ ಅಂತ ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಪಟ್ಟಿಯಲ್ಲಿ ದಶಕ ತಗೊಂಡು ಕಳೆಯೋದು ಬಂದಿದ್ದು ಅದಾದ ಮೇಲೆ, ಸುಮಾರು ಮೂರು ವಾರಕ್ಕೆ.

ಹೋದ ವಾರ ಒಬ್ಬರು 183 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟರು. ಮಗಳ ಅಪ್ಪ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಇವಳು 317 ಎಣಿಸಿ ಕೈಗಿಟ್ಟಿದ್ದಳು.

ಇನ್ನೊಂದು ಒತ್ತಕ್ಷರ. ಸಾಮಾನಿನ ಚೀಟಿ ಬರೆ ಅಂದರೆ ‘ಅಕಿ, ಸಕರೆ, ಎಣೆ’ ಅಂತ ಬರೆಯುತ್ತಿದ್ದಳು. ಮೇಡಂ ಆ ಚೀಟಿಯನ್ನೇ ಪಾಠ ಮಾಡಿಕೊಂಡರು. ದಿನಾ ಐದೈದು ಹೆಸರು ಜೋರಾಗಿ ಒತ್ತಿ ಹೇಳಿಸಿ, ಆಮೇಲೆ ಬರೆಸುತ್ತಿದ್ದರು. ಈಗ ‘ಉದ್ದಿನಬೇಳೆ’ ಕೂಡ ಸರಿಯಾಗಿ ಬರೆಯುತ್ತಾಳೆ. ‘ಷ್ಟ’, ‘ಸ್ತ್ರ’ ಬಂದಾಗ ಮಾತ್ರ ಇನ್ನೂ ತಡವರಿಸುತ್ತಾಳೆ. ಅಕ್ಷರ ದುಂಡಗಾಗಿಲ್ಲ. ಇಂಗ್ಲಿಷ್‌ನಲ್ಲಿ ಅಂಥಾ ಬದಲಾವಣೆ ಏನಿಲ್ಲ, ಅದನ್ನು ಈ ತಿಂಗಳಷ್ಟೇ ಶುರು ಮಾಡಿದ್ದಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಬೇರೆ. ಮೊದಲು ಲೆಕ್ಕ ಬರದಿದ್ದರೆ ಪಟ್ಟಿ ಮುಚ್ಚಿ ಬಚ್ಚಿಡುತ್ತಿದ್ದಳು. ಈಗ ‘ಅವ್ವ, ಇಲ್ಲಿ ತನಕ ಬಂತು, ಇಲ್ಲಿ ನಿಂತಿತು’ ಅಂತ ಬೆರಳಿಟ್ಟು ತೋರಿಸುತ್ತಾಳೆ.

ಮಾರ್ಕ್ಸ್ ಎಷ್ಟು ಬರುತ್ತೆ ಅಂತ ಮೊದಲ ದಿನವೇ ಕೇಳುವವರಿಗೆ ಮೇಡಂ ಪಾಠ ನಿಧಾನ ಅನ್ನಿಸಬಹುದು. ಮಗು ಎಲ್ಲಿ ಎಡವುತ್ತಿದೆ ಅಂತ ತಿಳಿಯಬೇಕು ಅನ್ನುವವರು ಖಂಡಿತ ಇವರಿಂದ ಪಾಠ ಹೇಳಿಸಿ. ಜುಲೈ ತಿಂಗಳ ಪಟ್ಟಿ, ಈಗಿನ ಪಟ್ಟಿ ಎರಡೂ ಅಂಗಡಿಯಲ್ಲೇ ಇಟ್ಟಿದ್ದೇನೆ. ಬಂದು ನೋಡಬಹುದು.